ನಿವೃತ್ತಿಯ ಅರ್ಜಿ ಮತ್ತು ಹೆಸರಿನ ಹೊಂದಾಣಿಕೆ

ನಮ್ಮ ಮುದ್ದೇಬಿಹಾಳ ಸೀಮೆಯಲ್ಲಿ ನನ್ನ ವಯಸ್ಸಿನ ಅನೇಕರ ಜನ್ಮದಿನಾಂಕ ಜೂನ್ 1. ಶಾಲೆಗೆ ಸೇರಿಸಿದ ದಿನ ಗುರುಗಳು ಬರೆದುಕೊಂಡದ್ದೇ ನಮಗೆ ಜೀವನಪರ್ಯಂತ ಪ್ರಮಾಣವಾಯಿತು. ಸರ್ಕಾರಿ ನೌಕರನು 60 ವರ್ಷ ತುಂಬುವ ತಿಂಗಳಿನ ಕೊನೆಯ ದಿನ ನಿವೃತ್ತನಾಗುತ್ತಾನಾದರೂ, ತಿಂಗಳ ಮೊದಲ ತಾರೀಖಿನಂದು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ಸೇವೆಯಿಂದ ಬಿಡುಗಡೆ ಹೊಂದುವನಾದುದರಿಂದ, ನಾಲತವಾಡದಲ್ಲಿ ನೆಲೆಸಿ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದ ನನಗೆ ಮೇ 31 ಕಡೆಯ ದಿನವಾಯಿತು. ಅಲ್ಲಿಂದ ಹಿಂದಕ್ಕೆ ಎಣಿಸಿ, ಕಾಗದಪತ್ರಗಳೆಲ್ಲ ನವೆಂಬರ್ ಅಂತ್ಯದೊಳಗೆ, ಎಂದರೆ ಆರು ತಿಂಗಳು ಮುಂಚಿತವಾಗಿ, ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೊರಟಿರಬೇಕೆಂದು ನಿಶ್ಚಯಿಸಿದೆನು. ಇದು 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದವರ ಮಾತು. ಅನಂತರ ಸೇರಿದವರಿಗೆ ಎನ್‌ಪಿಎಸ್ ಬೇರೆಯೇ ಒಂದು ದಾರಿ.

ಎಲ್ಲ ಹಣವೂ ಒಂದೇ ಅರ್ಜಿಯಿಂದ ಬರುವುದೆಂದು ಭಾವಿಸುವವರು ಬಹುಮಂದಿ, ವಸ್ತುಸ್ಥಿತಿ ಹಾಗಿಲ್ಲ. ಮಾಸಿಕ ಪಿಂಚಣಿ, ಉಪದಾನ, ಪಿಂಚಣಿಯ ಪರಿವರ್ತನೆ, ಇವು ಮಹಾಲೇಖಪಾಲರ ಆದೇಶದಿಂದ ಬರತಕ್ಕವು. ಜಿಪಿಎಫ್‌ನ ಅಂತಿಮ ಪಾವತಿಗೆ ಅವರಿಗೇ ಪ್ರತ್ಯೇಕ ಅರ್ಜಿ ಬೇಕು. 300 ದಿನಗಳ ಮಿತಿಗೊಳಪಟ್ಟ ಗಳಿಕೆ ರಜೆಯ ನಗದೀಕರಣವು ನಮ್ಮ ಕಚೇರಿಯ ಮಂಜೂರಾತಿಯಿಂದ ಖಜಾನೆಯ ಮೂಲಕ ಬರುವುದು; ಕೆಜಿಐಡಿ ವಿಮೆಯ ಹಣಕ್ಕೆ ಮೂಲ ಪಾಲಿಸಿ ಪತ್ರಗಳೊಡನೆ ವಿಮಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಕಾಣಬೇಕು.

ಪರಿವರ್ತನೆಯ ವಿಷಯವನ್ನು ಮನೆಯವರೊಡನೆ ಕುಳಿತು ತೀರ್ಮಾನಿಸುವುದು ಒಳಿತು. ಪೂರ್ಣ ಅರ್ಹ ಸೇವೆ ಸಲ್ಲಿಸಿದವನ ಕೊನೆಯ ಮೂಲವೇತನ 60,000 ರೂಪಾಯಿಯಾಗಿದ್ದರೆ ಅದರ ಅರ್ಧ, ಎಂದರೆ 30,000, ಅವನ ಪಿಂಚಣಿ. ಅದರ ಮೂರನೆಯ ಒಂದು ಪಾಲಾದ 10,000ವನ್ನು ಪರಿವರ್ತಿಸಿ ಇಡಿಗಂಟು ಪಡೆದರೆ ತಿಂಗಳಿಗೆ 20,000 ಉಳಿಯುವುದು, ಕಡಿತವಾದ ಭಾಗವು 15 ವರ್ಷಗಳ ಬಳಿಕ ಮರಳುವುದು. ತುಟ್ಟಿಭತ್ಯೆಯನ್ನು ಮಾತ್ರ ಪೂರ್ಣ 30,000ದ ಮೇಲೆಯೇ ಲೆಕ್ಕ ಹಾಕುವರು.

ನನ್ನ ವಿಷಯದಲ್ಲಿ ಲೆಕ್ಕವಲ್ಲ, ಹೆಸರು ತೊಡಕಾಯಿತು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಹೊಸ ಹೆಸರಿಡುವ ರೂಢಿ ಇದೆಯಷ್ಟೆ. ನನ್ನ ಮನೆಯವರ ಶಾಲಾ ದಾಖಲೆ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಇವುಗಳಲ್ಲಿ ತವರಿನ ಹೆಸರು; ನನ್ನ ಸೇವಾ ಪುಸ್ತಕದ ಕುಟುಂಬ ವಿವರದಲ್ಲಿಯೂ ಉಪದಾನದ ನಾಮನಿರ್ದೇಶನದಲ್ಲಿಯೂ ಗಂಡನ ಮನೆಯ ಹೆಸರು. ನಾನು ಬದುಕಿರುವವರೆಗೆ ಇದರಿಂದ ಬಾಧಕವೇನೂ ಕಾಣದು. ನನ್ನ ಕಾಲಾನಂತರ ಕೊನೆಯ ವೇತನದ ಶೇಕಡಾ 30ರಂತೆ ಕುಟುಂಬ ಪಿಂಚಣಿ ಕೇಳುವ ದಿನ, ಆದೇಶದಲ್ಲಿರುವ ಹೆಂಡತಿ ತಾನೇ ಎಂಬುದನ್ನು ಆಕೆ ಒಬ್ಬಳೇ ಸಾಧಿಸಬೇಕಾಗುವುದು. ಆದುದರಿಂದ ಬೇರಾವ ಕಾಗದಕ್ಕೂ ಮುನ್ನ, ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿ, ಲಗ್ನಪತ್ರಿಕೆಯನ್ನೂ ಶಾಲಾ ದಾಖಲೆಯ ಪ್ರತಿಯನ್ನೂ ಜೋಡಿಸಿ, ಮುಖ್ಯೋಪಾಧ್ಯಾಯರಿಂದ ಸೇವಾ ಪುಸ್ತಕದಲ್ಲಿ ದಿನಾಂಕ, ಸಹಿ, ಮೊಹರುಗಳೊಡನೆ ದಾಖಲೆ ಮಾಡಿಸಿದೆನು. ಹೊಸ ನಮೂನೆಗಳಲ್ಲೆಲ್ಲ ಬ್ಯಾಂಕಿನಲ್ಲಿರುವ ಅವರ ಹೆಸರನ್ನು ಮೊದಲು ಬರೆದು, ಉರ್ಫ್ ಎಂದು ಇನ್ನೊಂದನ್ನು ಸೇರಿಸಿದೆನು. ಪಿಂಚಣಿಯ ಖಾತೆಯನ್ನೂ ಅವರೊಡನೆ ಜಂಟಿಯಾಗಿಯೇ ತೆರೆದೆನು.

ಆಮೇಲೆ ಉಳಿದವು ಸಲೀಸಾಗಿ ಕೂಡಿಬಂದವು: ಪಿಂಚಣಿ ಅರ್ಜಿ, ಪರಿವರ್ತನೆಯ ಅರ್ಜಿ, ಕುಟುಂಬ ವಿವರ, ದೃಢೀಕರಿಸಿದ ಜಂಟಿ ಭಾವಚಿತ್ರಗಳು, ಮಾದರಿ ಸಹಿ, ಗುರುತಿನ ಚಿಹ್ನೆಗಳು, ಆಧಾರ್, ಪ್ಯಾನ್ ಹಾಗೂ ಪಾಸ್‌ಬುಕ್ಕಿನ ಪ್ರತಿಗಳು, ಕಚೇರಿಯ ಕಡೆಯಿಂದ ಬೇಬಾಕಿ ಪತ್ರ, ಇಲಾಖಾ ವಿಚಾರಣೆ ಬಾಕಿಯಿಲ್ಲವೆಂಬ ಪತ್ರ ಮತ್ತು ಸೇವಾ ಪುಸ್ತಕ. ಸೇವಾ ಪುಸ್ತಕವು ಬೆಂಗಳೂರಿಗೆ ಹೊರಡುವ ಮುನ್ನ ಪ್ರತಿ ಪುಟದ ನೆರಳಚ್ಚು ತೆಗೆಸಿಟ್ಟುಕೊಳ್ಳತಕ್ಕದ್ದು. ವರ್ಷವರ್ಷದ ಸೇವಾ ಪರಿಶೀಲನೆಯ ಸಹಿ ಎಲ್ಲಿಯಾದರೂ ಬಿಟ್ಟುಹೋಗಿದ್ದರೆ ಅದು ಕಣ್ಣಿಗೆ ಬೀಳುವುದು ಆಗಲೇ, ಆ ವರ್ಷದ ವೇತನ ಪಟ್ಟಿಯನ್ನು ಹುಡುಕಿಸಿ ಸರಿಪಡಿಸಲು ಸಮಯವೂ ಆಗಲೇ.

ಕಚೇರಿಯಲ್ಲಿ ವಿಚಾರಿಸಬೇಕಾದ ದಿನಾಂಕಗಳನ್ನು ಪಂಚಾಂಗದ ಬದಿಯಲ್ಲೇ ಬರೆದಿದ್ದೆನು. ಡಿಸೆಂಬರ್ 15ಕ್ಕೆ ರವಾನೆಯ ಸಂಖ್ಯೆ ಮತ್ತು ದಿನಾಂಕವನ್ನು ಕೇಳಿ ಬರೆದುಕೊಳ್ಳುವುದು. ಫೆಬ್ರವರಿ 1ಕ್ಕೆ ಆಕ್ಷೇಪಣೆಯೇನಾದರೂ ಬಂದಿದೆಯೇ ಎಂದು ತಿಳಿಯುವುದು, ಏಕೆಂದರೆ ಆಕ್ಷೇಪಣೆಯ ಪತ್ರ ಬರುವುದು ಕಚೇರಿಯ ವಿಳಾಸಕ್ಕೆ, ನೌಕರನ ಮನೆಗಲ್ಲ. ಏಪ್ರಿಲ್ 15ಕ್ಕೆ ಆದೇಶದ ಸ್ಥಿತಿ. ಜೂನ್ ಮೊದಲ ವಾರ ಕೊನೆಯ ವೇತನ ಪ್ರಮಾಣಪತ್ರ. ಕೇಳಿದುದನ್ನು ಬಾಯಿಮಾತಿಗೆ ಬಿಡದೆ ಚಿಕ್ಕ ಮನವಿಯಾಗಿ ಬರೆದು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸುತ್ತಿದ್ದೆನು. ಮೇಜಿನ ಗುಮಾಸ್ತರು ವರ್ಗವಾಗಿ ಹೋದರೂ ಮೊಹರಿನ ಪ್ರತಿ ನಮ್ಮಲ್ಲಿ ಉಳಿಯುತ್ತದೆ.

ಆದೇಶ ಬಂದಮೇಲೆ ಇಬ್ಬರೂ ಕೂಡಿ ಮುದ್ದೇಬಿಹಾಳದ ಉಪ ಖಜಾನೆಗೆ ಹೋಗಿ, ಮೂಲ ದಾಖಲೆಗಳನ್ನು ತೋರಿಸಿ ಗುರುತು ನೀಡಿದೆವು. ಆದೇಶದಲ್ಲಿ ನಾನು ಮೊದಲು ಓದಿದ್ದು ಮೊತ್ತವನ್ನಲ್ಲ, ಕುಟುಂಬ ಪಿಂಚಣಿಯ ಅಂಕಣದಲ್ಲಿ ಎರಡು ಹೆಸರೂ ಇವೆಯೇ ಎಂಬುದನ್ನು, ಎರಡೂ ಇದ್ದವು. ಇನ್ನು ಪ್ರತಿವರ್ಷ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸುವ ಕೆಲಸವೊಂದು ಉಳಿದಿದೆ.