ಮೂವತ್ತಾರು ಸಾಲಿನ ಜುಮಾ ಹಾಳೆ

ನಮ್ಮ ಓಣಿಯ ಮಸೀದಿಯಲ್ಲಿ ಜುಮಾ ದಿನ ಒಂದು ಹಾಳೆ ಹಂಚುತ್ತಾರೆ. ಒಂದೇ ಪುಟ, ಒಂದೇ ಮಗ್ಗುಲು. ನಮಾಜ್ ಮುಗಿಸಿ ಬಂದವರು ಅದನ್ನು ಜೇಬಲ್ಲಿಟ್ಟುಕೊಂಡು ಮನೆಗೆ ತರುತ್ತಾರೆ. ಮಸೀದಿಯಲ್ಲಿ ಏನು ಹೇಳಿದರು ಎಂಬುದು ನಮ್ಮಂಥ ಹೆಣ್ಣುಮಕ್ಕಳಿಗೆ ತಿಳಿಯುವುದು ಹೆಚ್ಚಾಗಿ ಆ ಹಾಳೆಯಿಂದಲೇ. ಅಬ್ಬಾ ಕಮಿಟಿಯಲ್ಲಿದ್ದಾರೆ, ನನಗೆ ಕನ್ನಡ ಟೈಪಿಂಗ್ ಬರುತ್ತದೆ. ಹಾಗಾಗಿ ಕಳೆದ ರಂಜಾನ್‌ಗೆ ಮುಂಚಿನ ಜುಮಾ ಹಾಳೆಯ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆ ಎಂದು ಬರೆಯುತ್ತಿದ್ದೇನೆ.

ಬುಧವಾರ ರಾತ್ರಿ ಅಬ್ಬಾ ತಂದುಕೊಟ್ಟದ್ದು ಏಳು ಪ್ರಕಟಣೆ, ಮೌಲಾನಾ ಅವರು ಉರ್ದುವಿನಲ್ಲಿ ಬರೆದ ಒಂದೂವರೆ ಪುಟದ ನಸೀಹತ್, ಹದಿನಾಲ್ಕು ಹೆಸರುಗಳ ಶುಕ್ರಿಯಾ ಪಟ್ಟಿ. ಎಲ್ಲ ಟೈಪ್ ಮಾಡಿದರೆ ಎರಡು ಪುಟ ದಾಟಿತು. ನಾನು ಮೊದಲು ಮಾಡಿದ ತಪ್ಪು, ಅಕ್ಷರದ ಗಾತ್ರವನ್ನು 12ರಿಂದ 9ಕ್ಕೆ ಇಳಿಸಿ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದ್ದು. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಜೆರಾಕ್ಸ್ ಮಾಡಿಸಿದಾಗ ಒತ್ತಕ್ಷರಗಳೆಲ್ಲ ಕಪ್ಪು ಚುಕ್ಕೆಗಳಾದವು. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಆದ್ದರಿಂದ ಗಾತ್ರವನ್ನು ಮತ್ತೆ 12ಕ್ಕೆ ತಂದು, ಸುತ್ತ ಎರಡೆರಡು ಸೆಂಟಿಮೀಟರ್ ಬಿಟ್ಟು, ಹಾಳೆಗೆ ಎಷ್ಟು ಸಾಲು ಹಿಡಿಯುತ್ತದೆ ಎಂದು ಎಣಿಸಿದೆ. ಮೂವತ್ತಾರು. ಒಂದು ಸಾಲಿಗೆ ಸುಮಾರು ಎಂಟು ಪದ. ಕಾಮರ್ಸ್‌ನವರಿಗೆ ಇಷ್ಟು ಸಿಕ್ಕರೆ ಮುಂದಿನದು ಬಜೆಟ್! ಮಸೀದಿಯ ಹೆಸರು, ತಾರೀಖು, ನಮಾಜಿನ ಸಮಯಕ್ಕೆ ಮೂರು ಸಾಲು. ತಲೆಬರಹ ಮತ್ತು ಖಾಲಿ ಜಾಗಕ್ಕೆ ನಾಲ್ಕು. ಕೊನೆಯಲ್ಲಿ ಯಾರನ್ನು ಕೇಳಬೇಕು ಎಂಬುದಕ್ಕೆ ಎರಡು. ಇವು ಬಾಡಿಗೆ ಇದ್ದ ಹಾಗೆ, ಪ್ರತಿ ವಾರ ಹೋಗಲೇಬೇಕು. ಉಳಿದ ಇಪ್ಪತ್ತೊಂಬತ್ತು ಎಂದು ಮೊದಲು ಬರೆದುಕೊಂಡಿದ್ದೆ. ಕೂಡಿ ನೋಡಿದರೆ ಉಳಿದದ್ದು ಇಪ್ಪತ್ತೇಳು. ಅದರಲ್ಲಿ ಪ್ರಕಟಣೆಗೆ ಹದಿನಾಲ್ಕು, ನಸೀಹತ್‌ಗೆ ಎಂಟು, ಶುಕ್ರಿಯಾಗೆ ಐದು.

ಪ್ರಕಟಣೆಗೇ ಹೆಚ್ಚು ಕೊಡಲು ಕಾರಣವಿದೆ. ನಸೀಹತ್ ಈ ವಾರ ತಪ್ಪಿದರೆ ಮುಂದಿನ ವಾರ ಓದಬಹುದು, ತೊಟ್ಟಿ ತೊಳೆಯುವ ದಿನ ತಪ್ಪಿದರೆ ತಪ್ಪಿದಂತೆಯೇ. ಆದರೆ ಏಳು ಪ್ರಕಟಣೆಗೆ ಹದಿನಾಲ್ಕು ಸಾಲೆಂದರೆ ಒಂದಕ್ಕೆ ಎರಡೇ. ನನಗೆ ಬಂದದ್ದು ಹೀಗಿತ್ತು:

“ಎಲ್ಲಾ ಜಮಾತ್ ಬಾಂಧವರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಪವಿತ್ರ ರಂಜಾನ್ ತಿಂಗಳು ಸಮೀಪಿಸುತ್ತಿರುವ ಹಿನ್ನೆಲೆಯಲ್ಲಿ ನಮ್ಮ ಮಸೀದಿಯ ನೀರಿನ ತೊಟ್ಟಿ ಹಾಗೂ ವಜೂಖಾನೆಯನ್ನು ಸ್ವಚ್ಛಗೊಳಿಸುವ ಕಾರ್ಯವನ್ನು ಬರುವ ಭಾನುವಾರ ಹಮ್ಮಿಕೊಳ್ಳಲಾಗಿದ್ದು, ಎಲ್ಲರೂ ತಪ್ಪದೆ ಆಗಮಿಸಿ ಯಶಸ್ವಿಗೊಳಿಸಬೇಕಾಗಿ ಕೋರಲಾಗಿದೆ.”

ಇದನ್ನು ದಾದಿಗೆ ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. ಕೇಳಿ ಮುಗಿಸಿ, “ಎಷ್ಟು ಗಂಟೆಗಂತೆ?” ಅಂದರು. ನಾಲ್ಕು ಸಾಲಿನಲ್ಲಿ ಗಂಟೆಯೇ ಇರಲಿಲ್ಲ! ಅಬ್ಬಾರನ್ನು ಕೇಳಿದಾಗ, ಆ ದಿನ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದೂ ಗೊತ್ತಾಯಿತು. ಕೊನೆಗೆ ಅಚ್ಚಾದದ್ದು ಇದು:

“ಭಾನುವಾರ, 15ನೇ ತಾರೀಖು ಬೆಳಿಗ್ಗೆ 7ಕ್ಕೆ ತೊಟ್ಟಿ, ವಜೂಖಾನೆ ಸ್ವಚ್ಛತೆ. ಪೊರಕೆ, ಬಕೆಟ್ ತನ್ನಿ. ಮಧ್ಯಾಹ್ನದವರೆಗೆ ನೀರಿಲ್ಲ, ವಜೂ ಮನೆಯಲ್ಲೇ ಮಾಡಿ ಬನ್ನಿ.”

ಎರಡು ಸಾಲು ಉಳಿಯಿತು, ಇಲ್ಲದ ಎರಡು ಸಂಗತಿ ಸೇರಿತು. “ಬರುವ ಭಾನುವಾರ” ಎಂದು ಬಿಟ್ಟರೆ ಹಾಳೆಯನ್ನು ನಾಲ್ಕು ದಿನ ಬಿಟ್ಟು ಓದಿದವರಿಗೆ ಗೊಂದಲ, ಆದ್ದರಿಂದ ವಾರ ಮತ್ತು ತಾರೀಖು ಎರಡೂ ಬೇಕು. ಮಕ್ತಬ್‌ನ ಹೊಸ ಸಮಯ, ಇಫ್ತಾರ್ ಗಂಜಿಯ ಸರದಿ, ಈದ್ಗಾದಲ್ಲಿ ಒಣಗಲು ಹಾಕಿದ ಅಡಿಕೆ ತೆಗೆಯುವುದು, ಎಲ್ಲವನ್ನೂ ಹೀಗೆಯೇ ದಾದಿಗೆ ಓದಿ, ಅವರು ಕೇಳಿದ್ದನ್ನು ಸೇರಿಸಿ, ಕೇಳದ್ದನ್ನು ತೆಗೆದೆ. ಮೊದಲ ರೋಜಾ ಯಾವತ್ತು ಎಂದು ಮಾತ್ರ ತಾರೀಖು ಹಾಕಲಿಲ್ಲ. ಚಾಂದ್ ಕಂಡ ಮೇಲೆ ತೀರ್ಮಾನವಾಗುವುದನ್ನು ಮೊದಲೇ ಅಚ್ಚು ಹಾಕಿದರೆ, ಹಾಳೆ ಒಂದು ಹೇಳುತ್ತದೆ, ಮೈಕ್ ಇನ್ನೊಂದು ಹೇಳುತ್ತದೆ. “ಚಾಂದ್ ಕಂಡ ರಾತ್ರಿಯಿಂದ ತರಾವೀಹ್, ಇಶಾ 8.30ಕ್ಕೆ” ಎಂದು ಬರೆದೆ.

ನಸೀಹತ್ ಕಷ್ಟವಾಯಿತು. ಮೌಲಾನಾ ಅವರಿಗೆ ಅದು ಉರ್ದುವಿನಲ್ಲೇ ಬರಲಿ ಎಂದು ಆಸೆ. ಆದರೆ ಉರ್ದುವಿನ ನಸ್ತಾಲಿಕ್ ಬರಹದಲ್ಲಿ ಪದ ಮೇಲಿಂದ ಓರೆಯಾಗಿ ಕೆಳಗಿಳಿಯುತ್ತದೆ, ಒಂದು ಸಾಲಿಗೆ ಕನ್ನಡದ ಸಾಲಿಗಿಂತ ಬಹಳ ಎತ್ತರ ಬೇಕು. ಎಂಟು ಸಾಲಿನ ಜಾಗದಲ್ಲಿ ಐದೂ ಹಿಡಿಯಲಿಲ್ಲ. ಉರ್ದುವಿನಲ್ಲಿ ಅವರು ಮಿಂಬರ್‌ನಿಂದ ಹೇಳುತ್ತಾರೆ, ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಹಾಳೆ ಕನ್ನಡದಲ್ಲಿರಲಿ ಎಂದು ಒಪ್ಪಿಕೊಂಡರು. ಒಂದೂವರೆ ಪುಟದಲ್ಲಿ ನಾಲ್ಕು ವಿಷಯಗಳಿದ್ದವು. ನಾಲ್ಕನ್ನೂ ಎರಡೆರಡು ಸಾಲಿಗೆ ಇಳಿಸಿ ನೋಡಿದೆ. ಅದು ನಸೀಹತ್ ಆಗಲಿಲ್ಲ, ಪರೀಕ್ಷೆಯ ಹಿಂದಿನ ರಾತ್ರಿಯ ನೋಟ್ಸ್ ಆಯಿತು. ಕೊನೆಗೆ ಒಂದನ್ನೇ ಇಟ್ಟೆ, ಅಂಗಡಿಯ ಉದ್ರಿಯ ಮಾತು. ರಂಜಾನ್‌ನಲ್ಲಿ ಸದಖಾ ಕೊಡುವ ಮುಂಚೆ ಕಿರಾಣಿ ಅಂಗಡಿಯ ಹಳೇ ಬಾಕಿ ನೋಡಿಕೊಳ್ಳಿ, ಕೊಡಲು ಶಕ್ತಿಯಿದ್ದೂ ಅಂಗಡಿಯವನನ್ನು ಕಾಯಿಸಬೇಡಿ. ಅಂಗಡಿಯವರೂ ನಿಜವಾಗಿ ಕಷ್ಟದಲ್ಲಿರುವವರಿಗೆ ಅವಕಾಶ ಕೊಡಿ ಎಂಬುದು. ಉಳಿದ ಮೂರು ಮುಂದಿನ ಮೂರು ವಾರಕ್ಕೆ ಆದವು.

ಸಾಲಗಾರನಿಗೆ ಸಮಯ ಕೊಡುವ ಆಯತ್ ಸೂರಃ ಬಖರಾದ 280ನೆಯದು. ಅದನ್ನು ಅರಬ್ಬಿಯಲ್ಲಿ ಹಾಕಲಿಲ್ಲ. ಹಾಳೆ ನಾಳೆ ನೆಲದ ಮೇಲೆ ಬೀಳುತ್ತದೆ, ಮಂಡಕ್ಕಿ ಕಟ್ಟಲು ಹೋಗುತ್ತದೆ. ಸೂರಃ ಹೆಸರು, ಸಂಖ್ಯೆ, ಕನ್ನಡದಲ್ಲಿ ತಾತ್ಪರ್ಯ ಮಾತ್ರ. ತಾತ್ಪರ್ಯವನ್ನು ಮೌಲಾನಾ ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಅಚ್ಚಿಗೆ ಕೊಟ್ಟೆ.

ಶುಕ್ರಿಯಾದಲ್ಲಿ ಜಗಳ ಆಗುವುದರಲ್ಲಿತ್ತು. ಪಟ್ಟಿಯಲ್ಲಿ ಮೈಕ್ ದುರಸ್ತಿಗೆ ಹಣ ಕೊಟ್ಟವರ ಹೆಸರು, ಎದುರಿಗೆ ಮೊತ್ತ. ನೂರು ಕೊಟ್ಟವರ ಹೆಸರು ಎರಡು ಸಾವಿರದವರ ಕೆಳಗೆ ಬಂದರೆ ಅವರಿಗೆ ಹೇಗನಿಸುತ್ತದೆ? ಹೆಸರೇ ಬೇಡ ಎಂದವರೂ ಇಬ್ಬರಿದ್ದರು. ಕಮಿಟಿಯವರು ಮಾತಾಡಿಕೊಂಡು ಹಣಕ್ಕೆ ಲೆಕ್ಕ, ದುಡಿಮೆಗೆ ಶುಕ್ರಿಯಾ ಎಂದು ಮಾಡಿದರು. “ಮೈಕ್ ದುರಸ್ತಿಗೆ ಬಂದದ್ದು ₹6,200, ಖರ್ಚು ₹5,750, ಉಳಿದದ್ದು ₹450. ಕೊಟ್ಟ ಎಲ್ಲರಿಗೂ ಅಲ್ಲಾಹನು ಪ್ರತಿಫಲ ನೀಡಲಿ.” ಎರಡು ಸಾಲಿನಲ್ಲಿ ಹದಿನಾಲ್ಕು ಜನರೂ ಬಂದರು, ಲೆಕ್ಕವೂ ಬಂತು. ಉಳಿದ ಮೂರು ಸಾಲಿನಲ್ಲಿ ಏಣಿ ಹತ್ತಿ ತಂತಿ ಎಳೆದ ಹುಡುಗರು, ಮತ್ತು ಹಿಂದಿನ ವಾರದ ಜಲ್ಸಾಕ್ಕೆ ಇನ್ನೂರು ಜನರ ಅಡುಗೆ ಮಾಡಿದ ಹೆಂಗಸರು. ಅವರ ಬಗ್ಗೆ ಪಟ್ಟಿಯಲ್ಲಿ ಒಂದು ಮಾತೂ ಇರಲಿಲ್ಲ. ಅಮ್ಮಿಯೂ ಅವರಲ್ಲಿ ಒಬ್ಬರಾದ್ದರಿಂದ ನಾನು ಬಿಡಲಿಲ್ಲ. ಹೆಣ್ಣುಮಕ್ಕಳ ಹೆಸರು ಅಚ್ಚಾಗುವುದು ಕೆಲವು ಹಿರಿಯರಿಗೆ ಸರಿ ಕಾಣದೆ, “ಕೊನೆಯ ಓಣಿಯ ಐದು ಮನೆಗಳ ತಾಯಂದಿರು” ಎಂದಾಯಿತು. ಹೆಸರೇ ಹಾಕಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಜೆರಾಕ್ಸ್ ಅಂಗಡಿಗೆ ಹೋಗುವವರಿಗೆ ಒಂದು ಮಾತು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೆಯೇ ಒಯ್ದರೆ, ಆ ಕಂಪ್ಯೂಟರ್‌ನಲ್ಲಿ ಫಾಂಟ್ ಇಲ್ಲದಿದ್ದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ಯಿರಿ. ಮೊದಲು ಒಂದೇ ಪ್ರತಿ ತೆಗೆಸಿ, ಒತ್ತಕ್ಷರ ನೋಡಿ, ಆಮೇಲೆ ಉಳಿದದ್ದು.

ಶುಕ್ರವಾರ ಸಂಜೆ ಕೊನೆಯ ಓಣಿಯಿಂದ ಒಬ್ಬ ಖಾಲಾ ಹಾಳೆ ಹಿಡಿದು ಮನೆಗೇ ಬಂದರು. “ಐದು ಮನೆ ಅಂತ ಹಾಕಿದ್ದೀಯಲ್ಲ ಬೇಟಿ, ನಾವು ಆರು ಮನೆಯವರು ಮಾಡಿದ್ದು” ಅಂದರು. ಮುಂದಿನ ವಾರದ ಶುಕ್ರಿಯಾದ ಮೊದಲ ಸಾಲು ಆ ತಿದ್ದುಪಡಿಗೆ ಹೋಯಿತು.