ಯಾವ ಗುಣ ಹಿಡಿಸಿತೋ ಅದನ್ನು ಹೆಸರಿಸಿ

ಪ್ರಶ್ನೆ: ನಮ್ಮೂರಿನ ಕೆಲವರು ಸೇರಿ ತಿಂಗಳಿಗೊಂದು ಪುಸ್ತಕ ಓದಿ, ಪರಿಚಯ ಬರೆದು ಓದುತ್ತೇವೆ. ಏನು ಬರೆಯಲು ಕೂತರೂ ‘ಸ್ವಾರಸ್ಯಕರವಾಗಿದೆ’ ಎಂಬ ಮಾತೇ ಬರುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಬಗ್ಗೆ ಬರೆದಾಗಲೂ ಹೀಗೇ ಆಯಿತು. ‘ಪುಸ್ತಕ ಹೇಗಿದೆ ಅಂತ ತಿಳೀಲೇ ಇಲ್ಲ ಕಣೇ’ ಅಂದಳು ಗೆಳತಿ. ಬೇರೆ ಯಾವ ಪದ ಬಳಸಲಿ?
– ಓದುಗರೊಬ್ಬರು, ಕಂದಿಕೆರೆ

ಉತ್ತರ: ಬರೀ ಪದ ಬದಲಿಸಿದರೆ ಸಾಲದಮ್ಮ. ಆ ಜಾಗಕ್ಕೆ ‘ಅದ್ಭುತ’, ‘ಮನಮುಟ್ಟುವಂತಿದೆ’ ಎಂದು ಹಾಕಿದರೂ ನಿಮ್ಮ ಗೆಳತಿಯ ದೂರು ತೀರುವುದಿಲ್ಲ. ಈ ಮಾತುಗಳೆಲ್ಲ ನಿಮಗೆ ಹಿಡಿಸಿತು ಎಂದಷ್ಟೇ ಹೇಳುತ್ತವೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ‘ಚೆನ್ನಾಗಿದೆ’ ಎಂದರೆ ಯಾರೂ ದರ ಕಟ್ಟುವುದಿಲ್ಲ. ಗಾತ್ರ, ಬಣ್ಣ, ಒಣಗಿದ ಹದ ನೋಡುತ್ತಾರೆ. ಪುಸ್ತಕಕ್ಕೂ ಅಂಥ ನೋಟ ಬೇಕು.

ನಿಮ್ಮ ಬರಹವನ್ನೇ ತೆಗೆದುಕೊಳ್ಳೋಣ. ಆ ಮಾತು ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಓದುವಾಗ ಅಲ್ಲಿ ನೀವು ಏನು ಮಾಡಿದಿರಿ ಎಂದು ನೆನೆಸಿಕೊಳ್ಳಿ. ನಕ್ಕಿರಾ? ಹಾಗಾದರೆ ಗುಣ ಹಾಸ್ಯ. ಯಾರ ಯಾವ ಮಾತಿಗೆ ನಕ್ಕಿರೆಂದು ಬರೆಯಿರಿ. ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೋಗುವ ಭಾಗದಲ್ಲಿ ಪುಸ್ತಕ ಕೆಳಗಿಡಲು ಆಗಲಿಲ್ಲವೇ? ಅದು ಕುತೂಹಲ ಕಾಯ್ದುಕೊಳ್ಳುವ ಗುಣ. ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋದಾಗ ಸುಮ್ಮನೆ ಕೂತುಬಿಟ್ಟಿರಾ? ಅದು ಕುತೂಹಲವಲ್ಲ, ಬೆರಗು. ಮಂದಣ್ಣನ ವಿಷಯಕ್ಕೆ ಬಂದರೆ ಗುಣವೇ ಬೇರೆ. ಊರಿನವರು ಲೆಕ್ಕಕ್ಕಿಡದ ಆ ಜೇನಿನ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಅಪರೂಪದ ನೋಟವನ್ನು ಗುರುತಿಸುತ್ತಾರೆ. ಅಲ್ಲಿ ಮೆಚ್ಚಬೇಕಾದದ್ದು ಪಾತ್ರದ ಬಗ್ಗೆ ನಮಗಿದ್ದ ಅಭಿಪ್ರಾಯವನ್ನೇ ತಿರುಗಿಸುವ ಕೌಶಲ. ‘ಮಂದಣ್ಣನ ಪಾತ್ರ ಸ್ವಾರಸ್ಯಕರ’ ಎನ್ನುವ ಬದಲು, ‘ಮೊದಲು ಮಂದಣ್ಣನನ್ನು ಹಗುರವಾಗಿ ಕಂಡ ನನಗೆ, ಕಾಡಿನಲ್ಲಿ ಅವನ ಕಣ್ಣಿಗೆ ಬಿದ್ದದ್ದನ್ನು ಓದಿದ ಮೇಲೆ ಹಾಗೆ ಕಾಣಲು ಆಗಲಿಲ್ಲ’ ಎಂದು ಬರೆದು ನೋಡಿ. ಈ ವಾಕ್ಯವನ್ನು ಇನ್ನೊಂದು ಪುಸ್ತಕದ ಪರಿಚಯಕ್ಕೆ ಅಂಟಿಸಲಾಗದು. ನಾನು ಬಳಸುವ ಪರೀಕ್ಷೆಯೂ ಇದೇ: ಪುಸ್ತಕದ ಹೆಸರು ಬದಲಿಸಿದರೂ ಹೊಗಳಿಕೆ ಹೊಂದುತ್ತದೆ ಎಂದಾದರೆ ಅದನ್ನು ಹೊಡೆದುಹಾಕುತ್ತೇನೆ.

ಗುಣಗಳಿಗೆ ಹೆಸರು ಬೇಕೆಂದರೆ ದೂರ ಹೋಗಬೇಕಿಲ್ಲ. ನಿಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಓದಿ. ನಮ್ಮ ಹಿಂದಿನವರು ದಂಡಿಯ ಕಾಲಕ್ಕೇ ಕಾವ್ಯದ ಹತ್ತು ಗುಣ ಎಣಿಸಿದ್ದರು; ಆನಂದವರ್ಧನ ಮಾಧುರ್ಯ, ಓಜಸ್ಸು, ಪ್ರಸಾದ ಎಂಬ ಮೂರನ್ನು ಉಳಿಸಿಕೊಂಡ. ಓದಿದ ಕೂಡಲೇ ಅರ್ಥ ತಿಳಿಯಾಗಿ ಹೊಳೆಯುವುದು ಪ್ರಸಾದ. ತೇಜಸ್ವಿಯವರ ಗದ್ಯಕ್ಕೆ ಈ ಮಾತು ಸಲ್ಲುತ್ತದೆಂದು ನನ್ನ ಎಣಿಕೆ. ಆದರೆ ‘ಪ್ರಸಾದಗುಣವಿದೆ’ ಎಂದು ಬರೆದು ಒಂದು ಪ್ರಸಂಗವನ್ನೂ ತೋರಿಸದಿದ್ದರೆ ಅದೂ ‘ಸ್ವಾರಸ್ಯಕರ’ದ ಸಾಲಿಗೇ ಸೇರುತ್ತದೆ. ನಿಮ್ಮ ಬಳಗಕ್ಕೆ ‘ಒಂದು ವಾಕ್ಯವನ್ನೂ ಎರಡು ಸಲ ಓದಬೇಕಾಗಲಿಲ್ಲ’ ಎಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಗೆರೆ ಎಳೆದ ಕಡೆ ಎಷ್ಟು ನೆನೆಸಿಕೊಂಡರೂ ಏನೂ ಹೊಳೆಯದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ. ಪರಿಚಯ ಅರ್ಧ ಪುಟಕ್ಕೆ ಇಳಿದರೂ ಚಿಂತೆಯಿಲ್ಲ.