ಇರುವವರೆಷ್ಟು, ಹೊಸಬರೆಷ್ಟು?

ನಮ್ಮ ಶಾಲೆಯನ್ನು ಬಿಟ್ಟು ದಾದಿಯರ ಶಿಕ್ಷಣಕ್ಕೆ ಸೇರಿದ ಹುಡುಗಿಯರು ಸಮುದಾಯ ಆರೋಗ್ಯದ ಪಾಠದಲ್ಲಿ ಎರಡು ಲೆಕ್ಕಗಳನ್ನು ಕಲಿಯುವರು. ಗೊತ್ತಾದ ಒಂದು ದಿನದಲ್ಲಿ ಒಂದು ಸೀಮೆಯೊಳಗೆ ರೋಗಿಗಳು ಎಷ್ಟು ಮಂದಿ ಇರುವರೆಂಬುದು ಒಂದನೆಯದು. ಇದಕ್ಕೆ ಪ್ರಿವೆಲೆನ್ಸ್ ಎಂದು ಹೆಸರು. ಒಂದು ವರುಷದೊಳಗೆ ಹೊಸದಾಗಿ ಆ ರೋಗಕ್ಕೆ ಒಳಗಾದವರು ಎಷ್ಟು ಮಂದಿ ಎಂಬುದು ಎರಡನೆಯದು. ಇದಕ್ಕೆ ಇನ್ಸಿಡೆನ್ಸ್ ಎಂದು ಹೆಸರು. ಎರಡನ್ನೂ ಆ ಸೀಮೆಯ ಜನಸಂಖ್ಯೆಯೊಡನೆ ಹೋಲಿಸಿ, ಹತ್ತು ಸಾವಿರಕ್ಕೆ ಅಥವಾ ಲಕ್ಷಕ್ಕೆ ಇಷ್ಟೆಂದು ಹೇಳುವುದು ರೂಢಿ.

ಇವುಗಳ ಭೇದವನ್ನು ತಿಳಿಯಲು ಕೆರೆಯೊಂದನ್ನು ನೆನಸೋಣ. ಕೆರೆಯಲ್ಲಿ ನಿಂತಿರುವ ನೀರು ಪ್ರಿವೆಲೆನ್ಸ್. ಕಾಲುವೆಯಿಂದ ಒಳಗೆ ಬರುವ ನೀರು ಇನ್ಸಿಡೆನ್ಸ್. ಗುಣಹೊಂದಿದವರೂ ಮೃತರಾದವರೂ ತೂಬಿನಿಂದ ಹೊರಟುಹೋಗುವ ನೀರಿನಂತಿರುವರು. ತೂಬನ್ನು ಅಗಲಮಾಡಿದರೆ ಒಳಗೆ ಬರುವ ನೀರು ಒಂದು ತೊಟ್ಟಾದರೂ ಕಡಿಮೆಯಾಗದೆ ಕೆರೆಯ ಮಟ್ಟವು ಇಳಿಯುವುದು. ಆದಕಾರಣ ಮಟ್ಟವು ಇಳಿದುದನ್ನು ಕಂಡ ಮಾತ್ರಕ್ಕೆ ಮಳೆ ನಿಂತಿತೆಂದು ಹೇಳಲಾಗದು.

ಇದಕ್ಕೆ ನಮ್ಮ ದೇಶದ ಕುಷ್ಠರೋಗದ ಲೆಕ್ಕವೇ ಒಳ್ಳೆಯ ದೃಷ್ಟಾಂತವು. ಪೂರ್ವದಲ್ಲಿ ಡಾಪ್ಸೋನ್ ಎಂಬ ಒಂದೇ ಔಷಧವನ್ನು ಅನೇಕ ವರುಷಗಳ ತನಕ, ಕೆಲವರಿಗೆ ಜೀವಮಾನವೆಲ್ಲಾ, ಕೊಡುತ್ತಿದ್ದರು. ಅಷ್ಟು ಕಾಲವೂ ಅವರ ಹೆಸರು ದಾಖಲೆಯಲ್ಲಿ ಉಳಿಯುತ್ತಿತ್ತು. 1980ರ ದಶಕದಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದಿತು. ರೋಗಾಣುಗಳು ಹೆಚ್ಚಾಗಿರುವವರಿಗೆ ಅದನ್ನು ಮೊದಲು 24 ತಿಂಗಳೂ, 1990ರ ದಶಕದ ಕೊನೆಯಿಂದ 12 ತಿಂಗಳೂ ಕೊಡುವ ಪದ್ಧತಿಯಾಯಿತು. ರೋಗಾಣುಗಳು ಕಡಿಮೆ ಇರುವವರಿಗೆ ಆರು ತಿಂಗಳು ಸಾಕಾಯಿತು. ಚಿಕಿತ್ಸೆ ಮುಗಿದವರ ಹೆಸರನ್ನು ದಾಖಲೆಯಿಂದ ತೆಗೆಯುವರು. 1983ರಲ್ಲಿ ಹತ್ತು ಸಾವಿರಕ್ಕೆ 57.8ರಷ್ಟಿದ್ದ ರೋಗಿಗಳ ಪ್ರಮಾಣವು 2005ರ ಡಿಸೆಂಬರದಲ್ಲಿ ಒಂದಕ್ಕಿಂತ ಕೆಳಗಿಳಿಯಿತು. ಲಕ್ಷಾಂತರ ಜನರು ನಿಜವಾಗಿಯೂ ಗುಣಹೊಂದಿದರು. ಆದರೂ ಮುಂದಿನ ಹತ್ತು ವರುಷಗಳಲ್ಲಿಯೂ ಪ್ರತಿ ವರುಷ ಲಕ್ಷಕ್ಕೆ ಮೀರಿ ಹೊಸ ರೋಗಿಗಳು ಸಿಕ್ಕುತ್ತಲೇ ಇದ್ದರು.

ಒಂದು ಲಕ್ಷ ಜನರುಳ್ಳ ಒಂದು ತಾಲೂಕನ್ನು ಕಲ್ಪಿಸಿ ಲೆಕ್ಕ ಮಾಡೋಣ. ಅಲ್ಲಿ ವರುಷಕ್ಕೆ 20 ಮಂದಿ ಹೊಸ ರೋಗಿಗಳು ಸಿಕ್ಕುವರೆಂದೂ, ಎಲ್ಲರಿಗೂ 24 ತಿಂಗಳ ಚಿಕಿತ್ಸೆ ಎಂದೂ ಎಣಿಸಿದರೆ, ಯಾವ ದಿನ ನೋಡಿದರೂ ದಾಖಲೆಯಲ್ಲಿ ಸುಮಾರು 40 ಹೆಸರುಗಳಿರುವವು. ಅಂದರೆ ಹತ್ತು ಸಾವಿರಕ್ಕೆ ನಾಲ್ಕು. ಚಿಕಿತ್ಸೆ 12 ತಿಂಗಳಾದರೆ ಎರಡು. ಆರು ತಿಂಗಳಾದರೆ ಒಂದೇ. ಹೊಸ ರೋಗಿಗಳಾದರೋ ಮೂರು ಸಂದರ್ಭಗಳಲ್ಲಿಯೂ ಇಪ್ಪತ್ತೇ. ಹೊಸ ರೋಗದ ಪ್ರಮಾಣವನ್ನು ರೋಗವಿರುವ ಕಾಲದಿಂದ ಗುಣಿಸಿದರೆ ಇರುವವರ ಪ್ರಮಾಣವು ಬರುವುದೆಂಬ ಸೂತ್ರಕ್ಕೆ ಅರ್ಥವು ಇದೇ.

ಹಾಗಾದರೆ ಹೊಸಬರನ್ನು ಮಾತ್ರ ಎಣಿಸಿದರೆ ಸಾಲದೇ? ಸಾಲದು. ಈ ರೋಗವು ದೇಹವನ್ನು ಹೊಕ್ಕ ಮೇಲೆ ಗುರುತು ತೋರಿಸುವುದಕ್ಕೆ ಸಾಮಾನ್ಯವಾಗಿ ಐದು ವರುಷ, ಕೆಲವರಲ್ಲಿ ಇಪ್ಪತ್ತು ವರುಷವೂ ಹಿಡಿಯುವುದು. ನಮ್ಮ ಪುಸ್ತಕದಲ್ಲಿ ಬರೆಯುವುದು ಈ ವರುಷ ರೋಗ ಹತ್ತಿದವರನ್ನಲ್ಲ, ಈ ವರುಷ ನಾವು ಕಂಡುಹಿಡಿದವರನ್ನು. ದಾದಿಯು ಮನೆಮನೆಗೆ ಹೋಗುವುದನ್ನು ನಿಲ್ಲಿಸಿದರೆ ರೋಗ ಕಡಿಮೆಯಾಗದೆ ಸಂಖ್ಯೆ ಮಾತ್ರ ಕಡಿಮೆಯಾಗುವುದು.

ಈ ಮೋಸವನ್ನು ಬಯಲುಮಾಡುವುದೇ ರೋಗದ ನಿಗಾ ಇಡುವವಳ ಕೆಲಸವು. ಆದುದರಿಂದ ಪ್ರತಿ ಹೊಸ ರೋಗಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ತಪ್ಪದೆ ಬರೆಯಬೇಕು. ವಯಸ್ಸು ಒಂದು, ಹದಿನೈದು ವರುಷದೊಳಗಿನ ಮಕ್ಕಳಿಗೆ ರೋಗವಿದ್ದರೆ ಅದು ಈಚೆಗೆ ಹರಡಿತೆಂದು ತಿಳಿಯುವುದು. ಕಣ್ಣು, ಕೈ, ಕಾಲುಗಳಲ್ಲಿ ಎದ್ದುಕಾಣುವ ಊನವು ಇನ್ನೊಂದು. ಬೆರಳು ಮಡಚಿಹೋದವನನ್ನು ನಾವು ತಡವಾಗಿ ಕಂಡೆವೆಂದು ಅದು ಸಾಕ್ಷಿ ಹೇಳುವುದು.

ನಮ್ಮ ತಾಲೂಕಿಗೆ ಮರಳೋಣ. ಮೊದಲು 20 ಹೊಸ ರೋಗಿಗಳಲ್ಲಿ ಮಕ್ಕಳು ಇಬ್ಬರು, ಊನವುಳ್ಳವನು ಒಬ್ಬನು. ಕೆಲವು ವರುಷಗಳ ತರುವಾಯ ಹೊಸಬರು ಎಂಟೇ ಮಂದಿ. ಆದರೆ ಅವರಲ್ಲಿ ಮಕ್ಕಳು ಇಬ್ಬರು, ಊನವುಳ್ಳವರು ಮೂವರು. ಒಂದೇ ವರುಷದ ಚಿಕ್ಕ ಸಂಖ್ಯೆಗಳಿಂದ ತೀರ್ಮಾನಿಸಬಾರದು. ಎರಡು ಮೂರು ವರುಷ ಹೀಗೆಯೇ ನಡೆದರೆ, ರೋಗವು ಇಳಿಯಲಿಲ್ಲ, ಹುಡುಕುವುದು ಇಳಿಯಿತೆಂದು ತಿಳಿಯಬೇಕು.

ಆಗ ದಾದಿಯು ರೋಗಿಗಳ ಮನೆಯವರನ್ನೂ ನೆರೆಯವರನ್ನೂ ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸುವಳು. ಬಿಳಿಚಿದ ಅಥವಾ ಕೆಂಪಾದ ಮಚ್ಚೆಯನ್ನು ಕಂಡರೆ, ಆ ವ್ಯಕ್ತಿಯ ಕಣ್ಣು ಮುಚ್ಚಿಸಿ, ಮಚ್ಚೆಯನ್ನು ಮೆಲ್ಲನೆ ಮುಟ್ಟಿ, ಮುಟ್ಟಿದ ಸ್ಥಳವನ್ನು ಬೆರಳಿನಿಂದ ತೋರಿಸಹೇಳುವಳು. ಸ್ಪರ್ಶ ತಿಳಿಯದಿದ್ದರೆ ವೈದ್ಯರ ಬಳಿಗೆ ಕಳುಹಿಸುವಳು. ಹೀಗೆ ಹುಡುಕಿದ ವರುಷದಲ್ಲಿ ಎಂಟು ಇದ್ದದ್ದು ಇಪ್ಪತ್ತೈದಾಗಬಹುದು. ಅದನ್ನು ಕಂಡು ಊರವರು ರೋಗ ಹೆಚ್ಚಿತೆಂದು ಅಂಜುವರು. ಲೆಕ್ಕವನ್ನು ಬಲ್ಲ ದಾದಿಯೋ, ಆ ಇಪ್ಪತ್ತೈದರಲ್ಲಿ ಬೆರಳು ಮಡಚಿದವರು ಎಷ್ಟು ಮಂದಿ ಎಂದು ಮೊದಲು ನೋಡುವಳು.